ತಕಿಟದ ತಮಟೆ, ತಕಧಿಮಿಯ ಯಂತ್ರ

ಊರಹಬ್ಬದ ರಾತ್ರಿ ಹುಲ್ಲಿನ ಬೆಂಕಿಗೆ ತಮಟೆ ಹಿಡಿದು ಕಾಯಿಸುತ್ತಿದ್ದವರ ಪಕ್ಕದಲ್ಲಿ ನಾನು ರೆಕಾರ್ಡರ್ ಇಟ್ಟುಕೊಂಡು ಕೂತಿದ್ದೆ. ಚರ್ಮ ಬಿಗಿಯಾದಂತೆ ಸದ್ದು ಮೇಲೇರಿತು, ಮೆರವಣಿಗೆ ಹೊರಟಿತು, ನನಗೆ ಬೇಕಾದ ವಾದನ ಸಿಕ್ಕಿತು. ಮನೆಗೆ ಬಂದು ಅದರಲ್ಲಿ ಮೂವತ್ತೆರಡು ಎಣಿಕೆಯಷ್ಟು ತುಂಡು ಆರಿಸಿ, ಕೆಳಗೆ ಒಂದು ಎಲೆಕ್ಟ್ರಾನಿಕ್ ಬೀಟ್ ಹಾಕಿದೆ. ನಿಮಿಷಕ್ಕೆ ಎಷ್ಟು ಎಣಿಕೆ ಎಂದು ಲೆಕ್ಕ ಮಾಡಿದರೆ ಎರಡೂ 111. ಆದರೂ ಕೇಳಿದರೆ ಎರಡು ಮೆರವಣಿಗೆಗಳು ಒಂದೇ ಓಣಿಯಲ್ಲಿ ಎದುರುಬದುರಾದಂತಿತ್ತು.

ಕೆಲವು ದಿನಗಳ ಮೇಲೆ ಅದನ್ನು ತಮಟೆ ಬಾರಿಸಿದ ಹಿರಿಯರಿಗೇ ಕೇಳಿಸಿದೆ. "ಅಣ್ಣಾ, ವೇಗ ಸರಿಯಾಗೇ ಇದೆ. ಆದರೂ ಯಾಕೆ ಕೂಡ್ತಿಲ್ಲ?" ಅಂದೆ. ಅವರು ತೊಡೆಯ ಮೇಲೆ ಬೆರಳು ಬಡಿದು ನೋಡಿ, "ಸಾರ್, ನಾವು ಮೂರರಾಗೆ ಬಡೀತಿದೀವಿ. ನಿಮ್ದು ನಾಕರಾಗೆ ಹೋಯ್ತಾ ಐತೆ" ಅಂದರು. ನನ್ನ ತಪ್ಪು ಅಷ್ಟರಲ್ಲೇ ಇತ್ತು.

ಸಂಗೀತ ಕಲಿತವರು ಇದನ್ನು ತಿಶ್ರ ನಡೆ, ಚತುರಶ್ರ ನಡೆ ಎನ್ನುತ್ತಾರೆ. ಕಾಲಿನಲ್ಲಿ ಒಂದೇ ವೇಗದಲ್ಲಿ ನೆಲ ತಟ್ಟುತ್ತಾ, ಒಂದು ತಟ್ಟಿಗೆ ಒಮ್ಮೆಯಂತೆ 'ತಕಿಟ ತಕಿಟ' ಅನ್ನಿ. ಆಮೇಲೆ ಕಾಲಿನ ವೇಗ ಬದಲಿಸದೆ 'ತಕಧಿಮಿ ತಕಧಿಮಿ' ಅನ್ನಿ. ತಟ್ಟು ಒಂದೇ, ಒಳಗಿನ ಹಂಚಿಕೆ ಮಾತ್ರ ಬೇರೆ. ನನ್ನ ಬೀಟಿನಲ್ಲಿ 'ಧಡ್ ಧಡ್' ಎನ್ನುವ ಕಿಕ್ ಕಾಲಿನ ತಟ್ಟಿಗೇ ಬೀಳುತ್ತಿತ್ತು, ಅದರಿಂದ ತೊಂದರೆ ಇರಲಿಲ್ಲ. ಅದರ ಮೇಲೆ 'ಚಿಸ್ ಚಿಸ್' ಎನ್ನುವ ಹೈಹ್ಯಾಟ್ ತಕಧಿಮಿ ಹೇಳುತ್ತಿತ್ತು, ತಮಟೆ ತಕಿಟ ಹೇಳುತ್ತಿತ್ತು.

ಇದನ್ನು ಕಾಲದಲ್ಲಿ ಅಳೆದರೆ ಜಗಳ ಎಲ್ಲಿದೆ ಎಂದು ಕಾಣುತ್ತದೆ. 111ರ ವೇಗದಲ್ಲಿ ಒಂದು ಎಣಿಕೆಗೆ 540 ಮಿಲಿಸೆಕೆಂಡ್. ಮೂರಾಗಿ ಹಂಚಿದರೆ ಪೆಟ್ಟಿಗೊಂದು 180, ನಾಲ್ಕಾಗಿ ಹಂಚಿದರೆ 135. ಹಾಗಾಗಿ ತಮಟೆಯ ಎರಡನೆಯ ಪೆಟ್ಟು ಹೈಹ್ಯಾಟಿನ ಎರಡನೆಯದಕ್ಕಿಂತ 45 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ. ಮೂರನೆಯ ಪೆಟ್ಟು ಹೈಹ್ಯಾಟಿನ ನಾಲ್ಕನೆಯದಕ್ಕಿಂತ ಅಷ್ಟೇ ಮೊದಲು ಬೀಳುತ್ತದೆ. ಎರಡು ಚುರುಕಾದ ಸದ್ದುಗಳ ನಡುವೆ ಸುಮಾರು 30 ಮಿಲಿಸೆಕೆಂಡ್ ಅಂತರ ಬಂದರೆ ಸಾಕು, ಕಿವಿ ಅವನ್ನು ಬೇರೆ ಬೇರೆಯಾಗಿ ಕೇಳತೊಡಗುತ್ತದೆ. ಇಲ್ಲಿ 45 ಇದೆ. ಅದೂ ಪ್ರತಿ ಎಣಿಕೆಯಲ್ಲಿ ಎರಡು ಸಲ.

ಪರಿಹಾರ ತಮಟೆಯಲ್ಲಿಲ್ಲ, ಯಂತ್ರದಲ್ಲಿದೆ. ಹೈಹ್ಯಾಟನ್ನು ಎಣಿಕೆಗೆ ಮೂರರಂತೆ ಮತ್ತೆ ಬರೆಯಬೇಕು. ಅಷ್ಟು ದಟ್ಟವಾಗಿ ಬೇಡವೆಂದರೆ ಎಣಿಕೆಗೆ ಎರಡೇ ಪೆಟ್ಟು ಇಟ್ಟು, ಎರಡನೆಯದನ್ನು ಎಣಿಕೆಯ ಮೂರನೇ ಎರಡು ಭಾಗ ಕಳೆದ ಮೇಲೆ ಬೀಳಿಸಬೇಕು. ಬೀಟ್ ಮಾಡುವ ಹಲವು ಯಂತ್ರಗಳಲ್ಲಿ `Swing` ಎಂಬ ಗುಂಡಿ ಮಾಡುವುದು ಇದನ್ನೇ. ಶೇಕಡಾ ಲೆಕ್ಕದಲ್ಲಿ 50 ಎಂದರೆ ಸಮಪಾಲು, 66 ಎಂದರೆ ಹೆಚ್ಚುಕಡಿಮೆ ತಿಶ್ರದ ಮೂರನೆಯ ಪೆಟ್ಟಿನ ಜಾಗ. ಇನ್ನೊಂದು ಎಚ್ಚರಿಕೆಯೂ ಬೇಕು. ಕಂಪ್ಯೂಟರ್ ತಾನೇ ವೇಗ ಗುರುತಿಸಲು ಹೋದಾಗ ತಿಶ್ರ ನಡೆಯಲ್ಲಿ ಮೋಸಹೋಗುವುದುಂಟು. 111ನ್ನು ಅದರ ಒಂದೂವರೆಪಟ್ಟು, ಅಂದರೆ 166 ಎಂದೋ, ಇಲ್ಲವೇ 74 ಎಂದೋ ಹೇಳಿಬಿಡುತ್ತದೆ. ಅದನ್ನು ನಂಬುವ ಮೊದಲು ಕುಣಿಯುವವರ ಹೆಜ್ಜೆ ನೆನಪಿಸಿಕೊಂಡು ಕಾಲು ತಟ್ಟಿ ಎಣಿಸಿ.

ನಡೆ ಸರಿಮಾಡಿದೆ. ಶುರುವಿನಲ್ಲಿ ಕೂಡಿತು, ಕೊನೆಯಲ್ಲೂ ಕೂಡಿತು, ನಡುವೆ ಮಾತ್ರ ಮತ್ತೆ ಜಾರಿತು. ಇದು ಎರಡನೆಯ ತೊಡಕು. ಮೆರವಣಿಗೆಯಲ್ಲಿ ಕುಣಿತ ಏರಿದಂತೆ ತಮಟೆಯೂ ಏರುತ್ತದೆ. ನನ್ನ ತುಂಡು 108ರಲ್ಲಿ ಶುರುವಾಗಿ 114ರಲ್ಲಿ ಮುಗಿದಿತ್ತು. ನಾನು ಹಾಕಿದ್ದ 111 ಅದರ ಸರಾಸರಿ. ಮೊದಲ ಹದಿನಾರು ಎಣಿಕೆಗಳಲ್ಲಿ ತಮಟೆ ನಿಧಾನವಾಗಿದ್ದರಿಂದ ಎಣಿಕೆಗೆ ಸುಮಾರು 7 ಮಿಲಿಸೆಕೆಂಡಿನಂತೆ ಹಿಂದೆ ಬೀಳುತ್ತಾ, ನಡುಮಧ್ಯಕ್ಕೆ ಬರುವಾಗ ಹತ್ತಿರಹತ್ತಿರ 120 ಮಿಲಿಸೆಕೆಂಡ್ ಹಿಂದಿತ್ತು. ಉಳಿದರ್ಧದಲ್ಲಿ ವೇಗ ಹಿಡಿದು ಅದನ್ನು ತೀರಿಸಿಕೊಂಡಿತು. ಹೀಗಾಗಿ ಎರಡು ತುದಿ ಮಾತ್ರ ನೋಡಿದವರಿಗೆ ಎಲ್ಲ ಸರಿಯಿದೆ ಎನ್ನಿಸುತ್ತದೆ. ಪತ್ತೆಹಚ್ಚಲು ತಮಟೆಯನ್ನು ಪೂರ್ತಿ ಎಡಕಿವಿಗೆ, ಕಿಕ್ಕನ್ನು ಪೂರ್ತಿ ಬಲಕಿವಿಗೆ ಹಾಕಿ ಹೆಡ್‌ಫೋನಿನಲ್ಲಿ ನಡುಭಾಗ ಕೇಳಿ. ಒಂದೇ ಪೆಟ್ಟಾಗಬೇಕಾದದ್ದು 'ಟ-ಡಂ' ಎಂದು ಒಡೆದು ಕೇಳಿದರೆ ಜಾರಿದೆ ಎಂದರ್ಥ.

ಇದಕ್ಕೆ ಎರಡು ದಾರಿಗಳಿವೆ. ಹಾಡು ಏರುತ್ತಾ ಹೋದರೂ ಚಂದ ಎನ್ನುವಂತಿದ್ದರೆ ಯಂತ್ರದ ವೇಗವನ್ನೇ 108ರಿಂದ 114ಕ್ಕೆ ಏರಿಸುವುದು ಉತ್ತಮ. ಆಗ ತಮಟೆಯನ್ನು ಮುಟ್ಟುವುದೇ ಬೇಡ. ಡಿಜೆಗಳಿಗೆ ಬೇಕಾದಂತೆ ವೇಗ ಒಂದೇ ಇರಬೇಕೆಂದರೆ ತಮಟೆಯನ್ನು ನೆಟ್ಟಗೆ ಮಾಡಬೇಕು. ಏಬಲ್ಟನ್ ಲೈವ್‌ನಂಥ ತಂತ್ರಾಂಶದಲ್ಲಿ `Warp` ಗುರುತುಗಳನ್ನು ಇಟ್ಟು ಇದನ್ನು ಮಾಡುತ್ತಾರೆ. ಇಲ್ಲಿ ಕೈ ಹಿಡಿತದಲ್ಲಿರಬೇಕು. ಗುರುತು ಇಡಬೇಕಾದ್ದು ಪ್ರತಿ ಎಣಿಕೆಯ ಮೊದಲ ಪೆಟ್ಟಿಗೆ ಮಾತ್ರ. ಒಳಗಿನ ಎರಡನೆಯ, ಮೂರನೆಯ ಪೆಟ್ಟುಗಳನ್ನೂ ಗೆರೆಗೆ ತಂದು ಕೂರಿಸಿದರೆ ಬಾರಿಸಿದವರ ಕೈ ಅಲ್ಲಿಗೆ ಮುಗಿಯಿತು. ಅವರ ಮೂರನೆಯ ಪೆಟ್ಟು ಲೆಕ್ಕದ ಮೂರನೇ ಎರಡಕ್ಕೆ ಸರಿಯಾಗಿ ಬೀಳುವುದಿಲ್ಲ, ಕೂದಲೆಳೆಯಷ್ಟು ಹಿಂದೆಯೋ ಮುಂದೆಯೋ ಇರುತ್ತದೆ. ಕುಣಿಯುವವರ ಹೆಗಲನ್ನು ಎತ್ತಿಸುವುದು ಅದೇ. ಅದನ್ನು ಅಳಿಸುವ ಬದಲು ಹೈಹ್ಯಾಟಿಗೂ ಕಲಿಸಬಹುದು. `Extract Groove` ಎಂಬ ಆಜ್ಞೆ ತಮಟೆಯ ಪೆಟ್ಟುಗಳ ಜಾಗವನ್ನು ಓದಿಕೊಳ್ಳುತ್ತದೆ. ಅದನ್ನು ಹೈಹ್ಯಾಟಿನ ಮೇಲೆ ಹೇರಿದರೆ ಅದೂ ತಮಟೆಯ ಹಿಂದೆಯೇ ನಡೆಯುತ್ತದೆ.

ಇನ್ನು ಹಿಗ್ಗಿಸುವ, ಕುಗ್ಗಿಸುವ ಮಾತು. ಹಾಡಿನ ವೇಗವನ್ನು ತಮಟೆಯ ವೇಗದ ಹತ್ತಿರವೇ ಇಟ್ಟುಕೊಳ್ಳುವುದು ಜಾಣತನ. ನಾನು ಕೊನೆಗೆ 112ಕ್ಕೆ ನಿಂತೆ. 124 ಬೇಕೇಬೇಕು ಎಂದರೆ ಶೇಕಡಾ 12ರಷ್ಟು ಓಡಿಸಬೇಕಾಗುತ್ತದೆ. ಹಳೆಯ ಟೇಪಿನಂತೆ ಸುಮ್ಮನೆ ವೇಗವಾಗಿ ಓಡಿಸಿದರೆ ಸದ್ದು ಸುಮಾರು ಎರಡು ಸ್ವರಸ್ಥಾನ ಮೇಲೇರುತ್ತದೆ. ತಮಟೆಗೆ ಇದು ಒಪ್ಪಲೂಬಹುದು, ಇನ್ನಷ್ಟು ಕಾಯಿಸಿದಂತೆ ಕೇಳುತ್ತದೆ. ಡೊಳ್ಳಿಗೆ ಮಾತ್ರ ಒಪ್ಪುವುದಿಲ್ಲ, ಅದರ ಹೊಟ್ಟೆಯ ಗಾಂಭೀರ್ಯವೇ ಹೋಗುತ್ತದೆ. ಶ್ರುತಿ ಕೆಡದಂತೆ ವೇಗ ಬದಲಿಸುವ ವಿಧಾನಗಳಲ್ಲಿ ಹಾಡು, ಪಿಟೀಲಿಗೆಂದು ಇರುವುದನ್ನು ಚರ್ಮವಾದ್ಯಕ್ಕೆ ಬಳಸಿದರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ, ಕೋಲಿಗೆ ಬಟ್ಟೆ ಸುತ್ತಿ ಬಡಿದಂತೆ. ಅದಕ್ಕಿಂತ ಪ್ರತಿ ಪೆಟ್ಟಿನ ಶುರುವಿನಲ್ಲಿ ಕತ್ತರಿಸಿ, ಆ ತುಂಡುಗಳನ್ನೇ ಹತ್ತಿರಹತ್ತಿರ ಜೋಡಿಸುವುದು ಒಳ್ಳೆಯದು. ಆಗ ಪೆಟ್ಟಿನ ಸದ್ದು ಬದಲಾಗುವುದಿಲ್ಲ, ನಡುವಿನ ಜಾಗ ಮಾತ್ರ ಕಡಿಮೆಯಾಗುತ್ತದೆ. ಇದರ ಮಿತಿ ನಿಧಾನ ಮಾಡುವಾಗ ಕಾಣುತ್ತದೆ. ತುಂಡುಗಳನ್ನು ದೂರ ಇಟ್ಟರೆ ಪೆಟ್ಟಿನ ಬಾಲ ಮುಗಿದು ನಡುವೆ ಬರೀ ಮೌನ ಉಳಿಯುತ್ತದೆ, ಹಬ್ಬದ ಗಲಾಟೆ ಬಿಟ್ಟುಬಿಟ್ಟು ಕೇಳುತ್ತದೆ. ಅದಕ್ಕೇ ರೆಕಾರ್ಡಿಂಗನ್ನು ನಿಧಾನಗೊಳಿಸುವುದಕ್ಕಿಂತ ವೇಗಗೊಳಿಸುವುದು ಸುಲಭ.

ಎಲ್ಲ ಮುಗಿದ ಮೇಲೆ ನಾನು ಮಾಡುವ ಪರೀಕ್ಷೆ ಒಂದಿದೆ. ತಮಟೆಯನ್ನು ಪೂರ್ತಿ ಮುಚ್ಚಿ, ಯಂತ್ರದ ಬೀಟನ್ನಷ್ಟೇ ಕೇಳುತ್ತಾ ಕಾಲು ತಟ್ಟುತ್ತೇನೆ. ಆಗಲೂ ಬಾಯಿಗೆ ತಾನಾಗಿ 'ತಕಿಟ' ಬಂದರೆ ತಮಟೆಯನ್ನು ಮತ್ತೆ ತೆರೆಯುತ್ತೇನೆ. 'ತಕಧಿಮಿ' ಬಂದರೆ ಹೈಹ್ಯಾಟನ್ನು ಇನ್ನೊಮ್ಮೆ ಬರೆಯಲು ಕೂರುತ್ತೇನೆ.