ಕಡಲ ತಳದ ಸಾಕ್ಷ್ಯ

ಭೂಫಲಕಗಳ ಚಲನೆಗೆ ಸಾಕ್ಷ್ಯವನ್ನು ಕೇಳಿದಾಗ, ಒಂದನ್ನೇ ಹಿಡಿದು ನಾಲ್ಕು ಹೆಜ್ಜೆಗಳಲ್ಲಿ ಉತ್ತರಿಸುವುದು ಲೇಸೆಂದು ನಾವು ಬಗೆಯುತ್ತೇವೆ.

ಮೊದಲು ಪ್ರತಿಪಾದನೆ: ಐಸ್‌ಲೆಂಡಿನ ದಕ್ಷಿಣಕ್ಕೆ ಕಡಲೊಳಗಿರುವ ರೇಕ್ಯಾನೆಸ್ ಪರ್ವತಶ್ರೇಣಿಯ ಇಕ್ಕೆಲದ ನೆಲವು ದೂರ ಸರಿಯುತ್ತಿದೆ.

ಬಳಿಕ ಸಾಕ್ಷ್ಯ: ಅಲ್ಲಿಯ ಶಿಲೆಗಳ ಕಾಂತಪಟ್ಟಿಗಳು ಎರಡು ಬದಿಗಳಲ್ಲಿಯೂ ಕನ್ನಡಿಯ ಬಿಂಬದಂತೆ ಹೊಂದುತ್ತವೆ.

ಮೂರನೆಯದು ಕಾರಣ. 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ಎಂಬವರು ವಿವರಿಸಿದಂತೆ, ಶ್ರೇಣಿಯ ನಡುವೆ ಉಕ್ಕಿದ ಲಾವಾರಸವು ಆರುವಾಗ ಆಗಿನ ಭೂಕಾಂತದ ದಿಕ್ಕು ಅದರಲ್ಲಿ ಅಚ್ಚೊತ್ತುತ್ತದೆ. ಆ ದಿಕ್ಕಾದರೋ ಕಾಲಕಾಲಕ್ಕೆ ತಿರುವುಮುರುವಾಗಿದೆ. ಕಡೆಯ ತಿರುವು ಸುಮಾರು 7,80,000 ವರ್ಷಗಳ ಹಿಂದಿನದು. ಅದರ ಗುರುತು ನಡುವಿನಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿದೆ. ಆದುದರಿಂದ ಪ್ರತಿಯೊಂದು ಬದಿಯೂ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಸರಿದಿದೆ.

ಕೊನೆಗೆ ಮಿತಿಯನ್ನು ಹೇಳತಕ್ಕದ್ದು: ಪಟ್ಟಿಗಳು ವೇಗವನ್ನು ತಿಳಿಸುವುವೇ ಹೊರತು ಫಲಕಗಳನ್ನು ನಡೆಸುವ ಬಲವನ್ನಲ್ಲ.