ಎರಡು ಮುಖ, ಒಂದೇ ಚೌಕಟ್ಟು

2020ರ ಸೆಪ್ಟೆಂಬರ್‌ನಲ್ಲಿ ಟೋನಿ ಆರ್ಸಿಯೆರಿ ಎಂಬ ಪ್ರೋಗ್ರಾಮರ್ ಟ್ವಿಟರ್‌ಗೆ ಎರಡು ಉದ್ದನೆಯ ಚಿತ್ರಗಳನ್ನು ಹಾಕಿದರು. ಒಂದರ ತುತ್ತತುದಿಯಲ್ಲಿ ಅಮೆರಿಕದ ಸೆನೆಟರ್ ಮಿಚ್ ಮೆಕಾನೆಲ್, ಕೆಳತುದಿಯಲ್ಲಿ ಬರಾಕ್ ಒಬಾಮಾ, ನಡುವೆ ಬರೀ ಬಿಳಿ ಜಾಗ. ಇನ್ನೊಂದರಲ್ಲಿ ಒಬಾಮಾ ಮೇಲೆ, ಮೆಕಾನೆಲ್ ಕೆಳಗೆ. ಇಷ್ಟುದ್ದದ ಚಿತ್ರ ಟೈಮ್‌ಲೈನಿನಲ್ಲಿ ಹಿಡಿಸುವುದಿಲ್ಲ. ಟ್ವಿಟರ್ ತಾನೇ ಒಂದು ತುಂಡನ್ನು ಕತ್ತರಿಸಿ ತೋರಿಸುತ್ತಿತ್ತು. ಎರಡೂ ಸಲ ಕಾಣಿಸಿದ್ದು ಮೆಕಾನೆಲ್ ಮುಖವೇ.

ಟ್ವಿಟರ್ ಮೊದಲು ಬಳಸುತ್ತಿದ್ದುದು ಮುಖ ಹುಡುಕುವ ವಿಧಾನ. ಫೋಟೊದಲ್ಲಿ ಎದ್ದು ಕಾಣುವ ಮುಖ ಸಿಕ್ಕರೆ ಅದರ ಸುತ್ತ ಕತ್ತರಿಸುವುದು, ಸಿಗದಿದ್ದರೆ ನಟ್ಟನಡುವಿನ ಭಾಗ ಉಳಿಸಿಕೊಳ್ಳುವುದು. ಆದರೆ ಬೆಟ್ಟ, ಬೆಕ್ಕು, ಊಟದ ಎಲೆ ಇವಕ್ಕೆಲ್ಲ ಮನುಷ್ಯನ ಮುಖವಿಲ್ಲ. ಮುಖವಿದ್ದರೂ ಪಕ್ಕಕ್ಕೆ ತಿರುಗಿದ್ದರೆ ಕೈತಪ್ಪುತ್ತದೆ. ಗೋಡೆಯ ಮೇಲಿನ ಹಾರ ಹಾಕಿದ ಅಜ್ಜನ ಪಟವೂ ಮುಖವೆಂದೇ ಲೆಕ್ಕಕ್ಕೆ ಸೇರಬಹುದು. ಹಾಗಾಗಿ 2018ರಲ್ಲಿ ಕಂಪನಿ ಸೇಲಿಯನ್ಸಿ ವಿಧಾನಕ್ಕೆ ಬದಲಾಯಿಸಿದ ವಿಷಯವನ್ನು ಪ್ರಕಟಿಸಿತು. ಫೋಟೊ ನೋಡುವಾಗ ಜನರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಉಪಕರಣದಿಂದ ಅಳೆದ ಮಾಹಿತಿಯನ್ನು ಕೊಟ್ಟು ಈ ಮಾದರಿಗೆ ತರಬೇತಿ ಕೊಡಲಾಗಿತ್ತು. ಹೊಸ ಫೋಟೊ ಬಂದಾಗ ಅದು ಚಿತ್ರದ ಉದ್ದಗಲಕ್ಕೂ ಹರಡಿದ ಬಿಂದುಗಳಿಗೆ ಅಂಕ ಕೊಡುತ್ತದೆ. ಅತಿ ಹೆಚ್ಚು ಅಂಕ ಪಡೆದ ಬಿಂದುವನ್ನು ನಡುವಿನಲ್ಲಿಟ್ಟು ಚೌಕಟ್ಟು ಕೂರುತ್ತದೆ.

ನನ್ನ ದೃಷ್ಟಿಯಲ್ಲಿ ಎಡವಟ್ಟೆಲ್ಲ ಇರುವುದು ಈ ಕೊನೆಯ ಹೆಜ್ಜೆಯಲ್ಲಿ. 600 ಪಿಕ್ಸೆಲ್ ಅಗಲ, 3000 ಎತ್ತರದ ಒಂದು ಚಿತ್ರ ಇದೆ ಎಂದುಕೊಳ್ಳಿ. ಬೇಕಾದ ಆಕಾರ 16:9, ಅಂದರೆ ಉಳಿಯುವುದು ಸುಮಾರು 338 ಪಿಕ್ಸೆಲ್ ಎತ್ತರದ ಪಟ್ಟಿ. ಒಂದು ಮುಖ ಮೇಲಿನಿಂದ 300ರಲ್ಲಿ, ಇನ್ನೊಂದು 2700ರಲ್ಲಿ. ಮೊದಲನೆಯದಕ್ಕೆ 0.91, ಎರಡನೆಯದಕ್ಕೆ 0.90 ಅಂಕ ಬಂತು ಎನ್ನೋಣ. ಮಾದರಿಯ ಪ್ರಕಾರ ಇಬ್ಬರೂ ಹೆಚ್ಚುಕಡಿಮೆ ಸಮಾನರು. ಆದರೂ ಪಟ್ಟಿ 131ರಿಂದ 469ರವರೆಗೆ ಕೂರುತ್ತದೆ. ಎರಡನೆಯವರು ಪೂರ್ತಿ ಮಾಯವಾಗುತ್ತಾರೆ. ಅಂಕದಲ್ಲಿದ್ದ ಕೂದಲೆಳೆಯ ಅಂತರ ಕತ್ತರಿಯಡಿ ಇರುವುದು–ಇಲ್ಲದಿರುವುದರ ಅಂತರವಾಯಿತು. ಮಾದರಿಗೆ ಒಂದು ಬಗೆಯ ಮುಖಗಳತ್ತ ತುಸು ಒಲವಿದ್ದರೂ ಸಾಕು, ಸೋಲುವವರು ಬಹುಪಾಲು ಒಂದೇ ಕಡೆಯವರಾಗುತ್ತಾರೆ.

ಆದರೆ ಒಂದು ಜೋಡಿ ಚಿತ್ರ ನೋಡಿ ತೀರ್ಪು ಕೊಡಲಾಗದು. ಜಾಗ ಅದಲುಬದಲು ಮಾಡಿದರೆ ಸ್ಥಾನದ ಪ್ರಭಾವ ಬೇರೆಯಾಗುತ್ತದೆ, ನಿಜ. ಬೆಳಕು, ನಗು, ಹಿನ್ನೆಲೆಗಳ ಪ್ರಭಾವ ಉಳಿದೇ ಇರುತ್ತದೆ. ಟ್ವಿಟರ್‌ನ ಸಂಶೋಧಕರು ಪ್ರಸಿದ್ಧ ವ್ಯಕ್ತಿಗಳ ಅಪಾರ ಸಂಖ್ಯೆಯ ಫೋಟೊಗಳನ್ನು ಜೋಡಿ ಮಾಡಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಹೊರಗಿಟ್ಟರು. ಸಮಪಾಲಿಗೆ ಹೋಲಿಸಿದರೆ ಮಹಿಳೆಯರ ಪರವಾಗಿ ಶೇ 8ರಷ್ಟು, ಬಿಳಿಯರ ಪರವಾಗಿ ಶೇ 4ರಷ್ಟು ವ್ಯತ್ಯಾಸ ಕಂಡಿತ್ತು. ಚೌಕಟ್ಟು ತಲೆ ಬಿಟ್ಟು ಮೈಮೇಲೆ ಕೂತ ಚಿತ್ರಗಳು ನೂರಕ್ಕೆ ಸುಮಾರು ಮೂರು. ಅಲ್ಲೂ ಬಹಳ ಸಲ ಕಣ್ಣು ಸೆಳೆದದ್ದು ಆಟಗಾರರ ಜೆರ್ಸಿಯ ಮೇಲಿನ ಸಂಖ್ಯೆಗಳು. ಅದೇ ವರ್ಷ ಆಗಸ್ಟ್‌ನಲ್ಲಿ ಕಂಪನಿ ಹೊರಗಿನವರಿಗಾಗಿ ಸ್ಪರ್ಧೆ ಇಟ್ಟಿತು. ಗೆದ್ದ ಬೊಗ್ದಾನ್ ಕುಲಿನಿಚ್ ಕಂಪ್ಯೂಟರ್‌ನಲ್ಲಿ ಮುಖಗಳನ್ನು ಸೃಷ್ಟಿಸಿ, ಸ್ವಲ್ಪಸ್ವಲ್ಪವೇ ಬದಲಿಸುತ್ತ ಹೋದರು. ಮುಖ ತೆಳ್ಳಗಾದಂತೆ, ಎಳೆಯದಾದಂತೆ, ಬಣ್ಣ ತಿಳಿಯಾದಂತೆ ಅಂಕ ಏರುವ ಪ್ರವೃತ್ತಿ ಕಂಡಿತು.

ಒಂದೇ ಬಿಂದುವಿಗೆ ಜೋತುಬೀಳುವ ಬದಲು ಎಲ್ಲ ಮುಖಗಳನ್ನೂ ಒಳಗೊಳ್ಳುವ ಪೆಟ್ಟಿಗೆಯೊಂದನ್ನು ಎಳೆಯುವುದು ಮೇಲು. 1200 ಅಗಲ, 1600 ಎತ್ತರದ ಕುಟುಂಬದ ಫೋಟೊದಿಂದ 1200×675ರ ಚಿತ್ರ ಬೇಕು ಎನ್ನಿ. ನಿಂತವರ ಮುಖಗಳು 250ರಿಂದ 450ರ ಎತ್ತರದಲ್ಲಿವೆ. ಬರೀ ನಡುಭಾಗ ಕತ್ತರಿಸಿದರೆ ಚಿತ್ರ ಶುರುವಾಗುವುದೇ 462ರಿಂದ. ಸೀರೆಯ ಸೆರಗು, ಶರ್ಟಿನ ಗುಂಡಿ ಉಳಿದು ಎಲ್ಲರ ತಲೆಯೂ ಹೋಗುತ್ತದೆ. ಮುಖಗಳ ಪೆಟ್ಟಿಗೆಯ ನಡು 350. ಅದರ ಸುತ್ತ ಕತ್ತರಿಸಿದರೆ 12ರಿಂದ 687ರವರೆಗೆ ಸಿಗುತ್ತದೆ, ಎಲ್ಲರೂ ಉಳಿಯುತ್ತಾರೆ. ಈಗ ಮುಂದೆ ನೆಲದ ಮೇಲೆ ಕೂತ ಮಗುವಿನ ಮುಖ 1000ದವರೆಗೆ ಇಳಿದಿದ್ದರೆ? ಪೆಟ್ಟಿಗೆಯ ಎತ್ತರ 750, ಚೌಕಟ್ಟಿನದು 675. ಹಿಡಿಸುವುದಿಲ್ಲ. ಇಲ್ಲಿ ಯಾವ ಜಾಣ ಲೆಕ್ಕವೂ ಯಾರನ್ನೋ ಬಿಡಲೇಬೇಕು. ಪ್ರೋಗ್ರಾಂ ಆಗ ಕತ್ತರಿಯನ್ನು ಕೆಳಗಿಡಬೇಕು: ಇಡೀ ಫೋಟೊವನ್ನು ಕುಗ್ಗಿಸಿ, ಎಡಬಲ ಖಾಲಿ ಬಿಟ್ಟು ತೋರಿಸಬೇಕು, ಇಲ್ಲವೇ ಫೋಟೊ ಹಾಕಿದವರನ್ನೇ ಕೇಳಬೇಕು.

ಟ್ವಿಟರ್ ಕೊನೆಗೆ ಹಿಡಿದದ್ದೂ ಇದೇ ಹಾದಿ. 2021ರ ಮೇ ತಿಂಗಳಲ್ಲಿ ಸಾಮಾನ್ಯ ಅಳತೆಯ ಒಂಟಿ ಫೋಟೊಗಳನ್ನು ಮೊಬೈಲ್‌ನಲ್ಲಿ ಕತ್ತರಿಸದೆ ಪೂರ್ತಿ ತೋರಿಸಲು ಶುರುಮಾಡಿತು. ಟ್ವೀಟ್ ಮಾಡುವ ಮೊದಲೇ ಚಿತ್ರ ಹೇಗೆ ಕಾಣಲಿದೆ ಎಂಬುದು ಬರೆಯುವವರಿಗೆ ಕಾಣತೊಡಗಿತು.