ಹದಿನೈದು ಲಕ್ಷದ ಪ್ಯಾಕೇಜು, ಕೈಗೆ ಬರುವುದೆಷ್ಟು?

ಆಫರ್ ಲೆಟರ್‌ನಲ್ಲಿ ವರ್ಷಕ್ಕೆ ಹದಿನೈದು ಲಕ್ಷ ಎಂದು ಬರೆದಿದ್ದರೆ ಮನೆಯಲ್ಲಿ ಎಲ್ಲರೂ ಮೊದಲು ಮಾಡುವ ಲೆಕ್ಕ ಒಂದೇ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,25,000 ರೂಪಾಯಿ. ಬಾಡಿಗೆ ಮನೆ, ಕಾರಿನ ಕಂತು, ಊರಿಗೆ ಕಳಿಸುವ ಹಣ ಎಲ್ಲವೂ ಆ ಲೆಕ್ಕದ ಮೇಲೆಯೇ ನಿಶ್ಚಯವಾಗುತ್ತವೆ. ತಿಂಗಳ ಕೊನೆಗೆ ಖಾತೆಗೆ ಬಂದು ಬೀಳುವುದು ಮಾತ್ರ ತೊಂಬತ್ತು ಸಾವಿರದ ಆಸುಪಾಸು.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಸಿಟಿಸಿ ಎಂಬುದು ನೌಕರನಿಗೆ ಸಿಗುವ ಸಂಬಳವಲ್ಲ, ಆ ನೌಕರನಿಗಾಗಿ ಕಂಪನಿ ವರ್ಷವಿಡೀ ಮಾಡುವ ಒಟ್ಟು ಖರ್ಚು. ಅದರಲ್ಲಿ ಪ್ರತಿ ತಿಂಗಳು ಬರುವ ಹಣವಿದೆ, ಎಷ್ಟೋ ವರ್ಷಗಳ ನಂತರ ಬರುವ ಹಣವಿದೆ, ಬಂದರೂ ಬರಬಹುದು ಎನ್ನುವ ಹಣವೂ ಇದೆ. ಇವನ್ನು ಬೇರೆ ಬೇರೆ ಮಾಡಿಕೊಂಡರೆ ಕೈಗೆ ಬರುವ ಸಂಬಳವನ್ನು ಕೆಲಸಕ್ಕೆ ಸೇರುವ ಮೊದಲೇ ನೂರು ರೂಪಾಯಿಯೂ ತಪ್ಪದಂತೆ ಲೆಕ್ಕ ಹಾಕಬಹುದು.

ಬೆಂಗಳೂರಿನ ಕಂಪನಿಯೊಂದಕ್ಕೆ ಏಪ್ರಿಲ್ ತಿಂಗಳಲ್ಲಿ ಸೇರುವ ಒಬ್ಬ ಎಂಜಿನಿಯರ್ ಎಂದಿಟ್ಟುಕೊಳ್ಳೋಣ. ಹಿಂದಿನ ಕೆಲಸದಿಂದ ಬಂದ ಪಿಎಫ್ ಖಾತೆ ಅವರಿಗೆ ಈಗಾಗಲೇ ಇದೆ. ತೆರಿಗೆಯ ಲೆಕ್ಕಕ್ಕೆ 2025–26ರ ಹಣಕಾಸು ವರ್ಷದ ದರಗಳನ್ನು ಹಿಡಿಯೋಣ. ಅವರ ಆಫರ್ ಲೆಟರ್‌ನ ಕೊನೆಯ ಪುಟದಲ್ಲಿರುವ ವಿವರ ಹೀಗಿದೆ:

| ವಿವರ | ವರ್ಷಕ್ಕೆ (ರೂ.) |
|---|---|
| ಬೇಸಿಕ್ | 6,00,000 |
| ಎಚ್‌ಆರ್‌ಎ | 2,40,000 |
| ಸ್ಪೆಷಲ್ ಅಲೋವೆನ್ಸ್ | 3,97,140 |
| ಪಿಎಫ್, ಕಂಪನಿಯ ಪಾಲು | 72,000 |
| ಗ್ರಾಚ್ಯುಟಿ | 28,860 |
| ಆರೋಗ್ಯ ವಿಮೆಯ ಪ್ರೀಮಿಯಂ | 12,000 |
| ವೇರಿಯಬಲ್ ಪೇ | 1,50,000 |
| ಒಟ್ಟು ಸಿಟಿಸಿ | 15,00,000 |

ಮೊದಲು ಬದಿಗಿಡಬೇಕಾದ ನಾಲ್ಕು ಸಾಲು

ಪಟ್ಟಿಯ ಮೊದಲ ಮೂರು ಸಾಲುಗಳು ಮಾತ್ರ ತಿಂಗಳ ಸಂಬಳಕ್ಕೆ ಸೇರಿದವು. ಕೊನೆಯ ನಾಲ್ಕನ್ನು ಬದಿಗಿಡಬೇಕು.

ವಿಮೆಯ ಪ್ರೀಮಿಯಂ ನೇರವಾಗಿ ವಿಮಾ ಕಂಪನಿಗೆ ಹೋಗುತ್ತದೆ. ಗ್ರಾಚ್ಯುಟಿಯ ಸಾಲಿನಲ್ಲಿರುವುದು ಬೇಸಿಕ್‌ನ ಶೇ 4.81. ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ, ತಿಂಗಳಿಗೆ ಇಪ್ಪತ್ತಾರು ಕೆಲಸದ ದಿನ ಎಂಬ ಸೂತ್ರದಿಂದ ಈ ಅಂಕಿ ಹುಟ್ಟುತ್ತದೆ. ಕಾಯಂ ನೌಕರರಿಗೆ ಅದು ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಮುಗಿದಿರಬೇಕು. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರು ಈ ಸಾಲನ್ನು ತಮ್ಮ ಹಣವೆಂದು ಎಣಿಸದಿರುವುದೇ ಸರಿ. ವೇರಿಯಬಲ್ ಪೇ ನಿಮ್ಮ ಕೆಲಸದ ಮೌಲ್ಯಮಾಪನವನ್ನೂ ಕಂಪನಿಯ ಲಾಭವನ್ನೂ ಅವಲಂಬಿಸಿ ವರ್ಷಕ್ಕೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಬರುತ್ತದೆ. ಪೂರ್ತಿ ಬಂದೇ ಬರುತ್ತದೆ ಎನ್ನುವಂತಿಲ್ಲ.

ಇವಿಷ್ಟನ್ನೂ ಕಂಪನಿಯ ಪಿಎಫ್ ಪಾಲನ್ನೂ ತೆಗೆದರೆ ಉಳಿಯುವುದು 12,37,140. ತಿಂಗಳಿಗೆ 1,03,095. ಪೇಸ್ಲಿಪ್‌ನಲ್ಲಿ ಗ್ರಾಸ್ ಎಂದು ಕಾಣುವ ಮೊತ್ತ ಇದೇ. ಒಂದು ರೂಪಾಯಿ ತೆರಿಗೆಯನ್ನೂ ಹಿಡಿಯುವ ಮೊದಲೇ 1,25,000 ಇಷ್ಟಕ್ಕೆ ಇಳಿದಿದೆ.

ಪಿಎಫ್: ಎರಡೂ ಪಾಲು ನಿಮ್ಮದೇ ಪ್ಯಾಕೇಜಿನಿಂದ

ಭವಿಷ್ಯ ನಿಧಿಗೆ ನೌಕರ ಬೇಸಿಕ್‌ನ ಶೇ 12, ಕಂಪನಿ ಇನ್ನೊಂದು ಶೇ 12 ಕಟ್ಟಬೇಕು. ನಮ್ಮ ಎಂಜಿನಿಯರ್‌ಗೆ ಬೇಸಿಕ್ ತಿಂಗಳಿಗೆ 50,000 ಇರುವುದರಿಂದ ಒಂದೊಂದು ಪಾಲೂ 6,000 ರೂಪಾಯಿ. ಕಂಪನಿಯ ಪಾಲು ಸಿಟಿಸಿಯ ಒಳಗೇ ಸೇರಿದೆ, ನೌಕರನ ಪಾಲು ಗ್ರಾಸ್‌ನಿಂದ ಕಳೆಯುತ್ತದೆ. ಅಂದರೆ ಹದಿನೈದು ಲಕ್ಷದಿಂದ ತಿಂಗಳಿಗೆ ಹನ್ನೆರಡು ಸಾವಿರ ಪಿಎಫ್ ಕಡೆಗೆ ಹೋಗುತ್ತದೆ. ಪೇಸ್ಲಿಪ್‌ನಲ್ಲಿ ಕಡಿತವಾಗಿ ಕಾಣುವುದು ಮಾತ್ರ ಆರು ಸಾವಿರ.

ಈ ಹಣ ಎಲ್ಲಿಯೂ ಹೋಗುವುದಿಲ್ಲ, ನಿಮ್ಮ ಹೆಸರಿನಲ್ಲೇ ಬಡ್ಡಿ ಗಳಿಸುತ್ತದೆ. ನೀವು ಪಿಂಚಣಿ ಯೋಜನೆಯ ಸದಸ್ಯರೂ ಆಗಿದ್ದರೆ ಕಂಪನಿಯ ಪಾಲಿನಲ್ಲಿ ತಿಂಗಳಿಗೆ 1,250 ಆ ಯೋಜನೆಗೆ ಸೇರಿ, ಉಳಿದದ್ದು ಪಿಎಫ್ ಖಾತೆಗೆ ಬರುತ್ತದೆ.

ಕೆಲವು ಕಂಪನಿಗಳು ಶೇ 12ರ ಲೆಕ್ಕವನ್ನು ಪೂರ್ತಿ ಬೇಸಿಕ್‌ಗೆ ಹಾಕದೆ ಕಾನೂನಿನ ಮಿತಿಯಾದ 15,000 ರೂಪಾಯಿಗೆ ಮಾತ್ರ ಹಾಕುತ್ತವೆ. ಆಗ ಒಂದು ಪಾಲು 1,800 ರೂಪಾಯಿ. ಒಂದೇ ಸಿಟಿಸಿಯ ಇಬ್ಬರು ಸ್ನೇಹಿತರ ಕೈಗೆ ಬರುವ ಸಂಬಳದಲ್ಲಿ ಏಳೆಂಟು ಸಾವಿರ ವ್ಯತ್ಯಾಸವಿದ್ದರೆ ಬಹುಪಾಲು ಕಾರಣ ಇದೇ. ಹೆಚ್ಚು ಕೈಗೆ ಬರುವವರಿಗೆ ಅಷ್ಟೇ ಕಡಿಮೆ ಪಿಎಫ್ ಸೇರುತ್ತಿರುತ್ತದೆ. ಎರಡು ಆಫರ್‌ಗಳನ್ನು ಹೋಲಿಸುವಾಗ ಇದನ್ನು ಮೊದಲು ನೋಡಬೇಕು.

ವೃತ್ತಿ ತೆರಿಗೆ: ಫೆಬ್ರವರಿಯಲ್ಲಿ ನೂರು ಹೆಚ್ಚು

ಇದು ರಾಜ್ಯದ ತೆರಿಗೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಅಥವಾ ಹೆಚ್ಚು ಸಂಬಳವಿರುವವರು 200 ರೂಪಾಯಿ ಕಟ್ಟಬೇಕು. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಲ್ಲಿ ಮಾತ್ರ 300 ರೂಪಾಯಿ ಹಿಡಿಯುವ ಕ್ರಮ ಬಂದಿದೆ. ವರ್ಷಕ್ಕೆ 2,500 ಆಗುತ್ತದೆ. ಸಂವಿಧಾನದ 276ನೇ ವಿಧಿ ಇದಕ್ಕೆ ಹಾಕಿರುವ ಗರಿಷ್ಠ ಮಿತಿಯೂ ಅಷ್ಟೇ.

ಈಗ 1,03,095ರಿಂದ ಪಿಎಫ್ 6,000, ವೃತ್ತಿ ತೆರಿಗೆ 200 ಕಳೆದರೆ 96,895. ಉಳಿದಿರುವುದು ಟಿಡಿಎಸ್.

ಟಿಡಿಎಸ್: ಎಲ್ಲವೂ ವೇರಿಯಬಲ್ ಪೇ ಮೇಲೆ

ಕಂಪನಿ ನಿಮ್ಮ ಇಡೀ ವರ್ಷದ ಸಂಬಳವನ್ನು ಅಂದಾಜು ಮಾಡಿ, ಅದಕ್ಕೆ ತೆರಿಗೆ ಲೆಕ್ಕ ಹಾಕಿ, ಉಳಿದ ತಿಂಗಳುಗಳಿಗೆ ಹಂಚಿ ಹಿಡಿಯುತ್ತದೆ. ಹಳೆಯ ಪದ್ಧತಿ ಬೇಕೆಂದು ನೀವು ತಿಳಿಸದಿದ್ದರೆ ಹೊಸ ಪದ್ಧತಿಯಲ್ಲೇ ಲೆಕ್ಕ. ಅದರಲ್ಲಿ ಬಾಡಿಗೆ ರಸೀದಿಗೆ, ನೀವು ಕಟ್ಟಿದ ಪಿಎಫ್‌ಗೆ, ವೃತ್ತಿ ತೆರಿಗೆಗೆ ವಿನಾಯಿತಿ ಇಲ್ಲ. ಹಾಗಾಗಿ ತೆರಿಗೆಯ ಲೆಕ್ಕ ಶುರುವಾಗುವುದು ಕೈಗೆ ಬಂದ ಹಣದಿಂದಲ್ಲ, ಗ್ರಾಸ್‌ನಿಂದ. ಕಳೆಯುವುದು 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ. ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿಯ ಸಾಲು, ವಿಮೆ ಈ ಲೆಕ್ಕಕ್ಕೆ ಬರುವುದಿಲ್ಲ.

ವೇರಿಯಬಲ್ ಪೇ ಬಾರದಿದ್ದರೆ ನಮ್ಮ ಎಂಜಿನಿಯರ್‌ನ ತೆರಿಗೆಯ ಆದಾಯ 12,37,140ರಲ್ಲಿ 75,000 ಕಳೆದು 11,62,140. ಹನ್ನೆರಡು ಲಕ್ಷದವರೆಗೆ ರಿಯಾಯಿತಿಯಿರುವುದರಿಂದ ತೆರಿಗೆ ಸೊನ್ನೆ. ತಿಂಗಳಿಗೆ 96,895 ಪೂರ್ತಿ ಕೈಗೆ ಬರುತ್ತದೆ.

ಒಂದೂವರೆ ಲಕ್ಷ ಪೂರ್ತಿ ಬಂದರೆ ತೆರಿಗೆಯ ಆದಾಯ 13,12,140 ಆಗುತ್ತದೆ. ಹನ್ನೆರಡು ಲಕ್ಷ ದಾಟಿದ್ದರಿಂದ ರಿಯಾಯಿತಿ ಹೋಗಿ, ಸ್ಲ್ಯಾಬ್‌ಗಳ ಲೆಕ್ಕ ಕೆಳಗಿನಿಂದ ಶುರುವಾಗುತ್ತದೆ. ನಾಲ್ಕರಿಂದ ಎಂಟು ಲಕ್ಷದವರೆಗೆ ಶೇ 5ರಂತೆ 20,000, ಎಂಟರಿಂದ ಹನ್ನೆರಡರವರೆಗೆ ಶೇ 10ರಂತೆ 40,000, ಮೇಲಿನ 1,12,140ಕ್ಕೆ ಶೇ 15ರಂತೆ 16,821. ಒಟ್ಟು 76,821ಕ್ಕೆ ಶೇ 4ರ ಸೆಸ್ ಸೇರಿಸಿದರೆ ಸುಮಾರು 79,890. ಒಂದೂವರೆ ಲಕ್ಷದ ಬೋನಸ್‌ನಿಂದ ನಿಜಕ್ಕೂ ಉಳಿದದ್ದು 70,110 ರೂಪಾಯಿ.

ಅರ್ಧ ಬೋನಸ್, ಅಂದರೆ 75,000 ಬಂದರೆ? ಆದಾಯ 12,37,140. ಮಿತಿಯನ್ನು ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಇದೆ. ಹನ್ನೆರಡು ಲಕ್ಷದ ಮೇಲೆ ಎಷ್ಟು ಗಳಿಸಿದ್ದಾರೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ. ಹಾಗಾಗಿ ತೆರಿಗೆ 37,140, ಸೆಸ್ ಸೇರಿ ಸುಮಾರು 38,630. ಈ ರಿಲೀಫ್ ಸುಮಾರು 12,70,000 ರೂಪಾಯಿಯ ತೆರಿಗೆ ಆದಾಯದವರೆಗೆ ಮಾತ್ರ. ಈ ಅಂತರದಲ್ಲಿ ಹೆಚ್ಚುವರಿಯಾಗಿ ಬಂದ ಹಣ ಪೂರ್ತಿ ತೆರಿಗೆಗೇ ಹೋಗುತ್ತದೆ.

ಇದನ್ನು ಕಂಪನಿ ಯಾವಾಗ ಹಿಡಿಯುತ್ತದೆ ಎಂಬುದೂ ಮುಖ್ಯ. ವೇರಿಯಬಲ್ ಪೇ ಬರುತ್ತದೆಂದು ಮೊದಲೇ ಅಂದಾಜು ಮಾಡಿದರೆ ತಿಂಗಳಿಗೆ 6,658 ರೂಪಾಯಿ ಟಿಡಿಎಸ್ ಹೋಗಿ ಕೈಗೆ 90,237 ಬರುತ್ತದೆ. ಅಂದಾಜು ಮಾಡದೆ ಮಾರ್ಚ್‌ನಲ್ಲಿ ಬೋನಸ್ ಕೊಟ್ಟರೆ, ಹನ್ನೊಂದು ತಿಂಗಳು ಟಿಡಿಎಸ್ ಸೊನ್ನೆಯಿದ್ದು ಆ ಒಂದೇ ತಿಂಗಳಲ್ಲಿ ಎಂಬತ್ತು ಸಾವಿರ ಹಿಡಿಯಲಾಗುತ್ತದೆ. ವರ್ಷದ ಒಟ್ಟು ಒಂದೇ ಆದರೂ, ಬೋನಸ್ ನಂಬಿ ಮಾರ್ಚ್‌ನಲ್ಲಿ ಖರ್ಚು ಇಟ್ಟುಕೊಂಡವರಿಗೆ ಕಷ್ಟವಾಗುತ್ತದೆ.

ಈ ತೆರಿಗೆಯನ್ನು ಇಳಿಸುವ ಒಂದು ದಾರಿ

ಹೊಸ ಪದ್ಧತಿಯಲ್ಲೂ ಉಳಿದಿರುವ ದೊಡ್ಡ ವಿನಾಯಿತಿ ಎಂದರೆ ಕಂಪನಿ ನಿಮ್ಮ ಹೆಸರಿನಲ್ಲಿ ಎನ್‌ಪಿಎಸ್‌ಗೆ ಕಟ್ಟುವ ಹಣ. ಬೇಸಿಕ್‌ನ ಶೇ 14ರವರೆಗೆ ಅದಕ್ಕೆ ತೆರಿಗೆಯಿಲ್ಲ. ನಮ್ಮ ಎಂಜಿನಿಯರ್ ಸ್ಪೆಷಲ್ ಅಲೋವೆನ್ಸ್‌ನಿಂದ ತಿಂಗಳಿಗೆ 7,000, ವರ್ಷಕ್ಕೆ 84,000 ಅಲ್ಲಿಗೆ ತಿರುಗಿಸಲು ಕೇಳಿಕೊಂಡರೆ, ಪೂರ್ತಿ ಬೋನಸ್ ಬಂದರೂ ತೆರಿಗೆಯ ಆದಾಯ 12,28,140ಕ್ಕೆ ಇಳಿಯುತ್ತದೆ. ಮಾರ್ಜಿನಲ್ ರಿಲೀಫ್ ಸಿಕ್ಕಿ ತೆರಿಗೆ ಸುಮಾರು 29,270ಕ್ಕೆ ಬರುತ್ತದೆ. ಕೈಗೆ ಬರುವುದು 87,456. ಕೈಯಲ್ಲಿ ಕಡಿಮೆಯಾದದ್ದು ಸುಮಾರು 2,800, ಉಳಿತಾಯಕ್ಕೆ ಸೇರಿದ್ದು 7,000. ಇದು ನಿವೃತ್ತಿಯ ಹಣ, ನಡುವೆ ತೆಗೆಯಲು ನಿರ್ಬಂಧಗಳಿವೆ. ಕಂಪನಿ ಈ ವ್ಯವಸ್ಥೆಯನ್ನು ಇಟ್ಟುಕೊಂಡಿರಲೂ ಬೇಕು. ನೀವೇ ಸ್ವಂತವಾಗಿ ಎನ್‌ಪಿಎಸ್‌ಗೆ ಕಟ್ಟಿದ ಹಣಕ್ಕೆ ಹೊಸ ಪದ್ಧತಿಯಲ್ಲಿ ಈ ಅನುಕೂಲವಿಲ್ಲ.

ವರ್ಷದ ನಡುವೆ ಕೆಲಸ ಬದಲಿಸಿದರೆ

ಟಿಡಿಎಸ್ ಅತಿ ಹೆಚ್ಚು ತಪ್ಪುವುದು ಇಲ್ಲಿ. ಅಕ್ಟೋಬರ್‌ನಲ್ಲಿ ಸೇರಿದ ಕಂಪನಿಗೆ ಹಳೆಯ ಸಂಬಳ ಗೊತ್ತಿರುವುದಿಲ್ಲ. ಹಳೆಯದು ತಾನು ಕೊಟ್ಟ ಆರು ತಿಂಗಳಿಗೆ, ಹೊಸದು ತಾನು ಕೊಡುವ ಆರು ತಿಂಗಳಿಗೆ ಲೆಕ್ಕ ಹಾಕುತ್ತದೆ. ಎರಡೂ ಕಡೆ ಸ್ಟ್ಯಾಂಡರ್ಡ್ ಡಿಡಕ್ಷನ್, ಎರಡೂ ಕಡೆ ಹನ್ನೆರಡು ಲಕ್ಷದ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಕೈಗೆ ಹೆಚ್ಚು ಸಂಬಳ ಬಂದ ಸಂತೋಷ ಜುಲೈವರೆಗೆ ಮಾತ್ರ. ರಿಟರ್ನ್ ಸಲ್ಲಿಸುವಾಗ ಎರಡೂ ಸಂಬಳ ಕೂಡಿ, ಬಾಕಿ ತೆರಿಗೆ ಬಡ್ಡಿಯೊಂದಿಗೆ ಎದುರಾಗುತ್ತದೆ. ಸೇರಿದ ಕೂಡಲೇ ಹಳೆಯ ಸಂಬಳ ಮತ್ತು ಟಿಡಿಎಸ್ ವಿವರವನ್ನು ಹೊಸ ಕಂಪನಿಗೆ ಕೊಟ್ಟರೆ ಇದು ತಪ್ಪುತ್ತದೆ.

ಆದ್ದರಿಂದ ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಎಚ್‌ಆರ್ ಅವರಲ್ಲಿ ನಾಲ್ಕು ವಿಷಯ ಬರಹದಲ್ಲಿ ಕೇಳಿ ಪಡೆಯಿರಿ. ಬೇಸಿಕ್ ಎಷ್ಟು? ಪಿಎಫ್ ಲೆಕ್ಕ ಪೂರ್ತಿ ಬೇಸಿಕ್‌ಗೋ 15,000ಕ್ಕೋ? ವೇರಿಯಬಲ್ ಪೇ ಎಷ್ಟು, ಯಾವ ತಿಂಗಳಲ್ಲಿ, ಅದರ ಟಿಡಿಎಸ್ ಮೊದಲೇ ಹಿಡಿಯುತ್ತಾರೋ ಕೊಟ್ಟಾಗಲೋ? ಕಂಪನಿಯ ಎನ್‌ಪಿಎಸ್ ಇದೆಯೋ? ಈ ಉತ್ತರಗಳು ಕೈಯಲ್ಲಿದ್ದರೆ ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಮತ್ತೆ ಮಾಡಿ. ಬಾಡಿಗೆ, ಕಂತುಗಳನ್ನು ವೇರಿಯಬಲ್ ಪೇ ಸೇರಿಸದೆ, ಟಿಡಿಎಸ್ ಮಾತ್ರ ಪೂರ್ತಿ ಬೋನಸ್‌ನ ಲೆಕ್ಕದಲ್ಲಿ ಕಳೆದು ಬಂದ ಮೊತ್ತದ ಮೇಲೆ ನಿಶ್ಚಯಿಸಿ. ನಮ್ಮ ಎಂಜಿನಿಯರ್‌ಗೆ ಆ ಮೊತ್ತ ತಿಂಗಳಿಗೆ 90,237.